ಎಡ ಕೆಳಹೊಟ್ಟೆಯ ನೋವು: ಸ್ಕ್ಯಾನಿನಲ್ಲಿ ಕಂಡ ಚೀಲಗಳೇ ಕಾರಣವೆ?

ಪ್ರಶ್ನೆ: ನನಗೆ 58 ವರ್ಷ, ನಿವೃತ್ತ ಶಿಕ್ಷಕ. ಎರಡು ವರ್ಷಗಳಿಂದ ಹೊಟ್ಟೆಯ ಎಡ ಕೆಳಭಾಗದಲ್ಲಿ ಆಗಾಗ ನೋವು; ಮಲವಿಸರ್ಜನೆ ಮೂರು ನಾಲ್ಕು ದಿನಕ್ಕೊಮ್ಮೆ. ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ‘ಸಿಗ್ಮಾಯ್ಡ್ ಭಾಗದಲ್ಲಿ ಡೈವರ್ಟಿಕ್ಯುಲಾ ಇವೆ, ಉರಿಯೂತದ ಲಕ್ಷಣಗಳಿಲ್ಲ’ ಎಂದಿದೆ. ಮೂರು ಸಲ ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದ್ದೇನೆ. ಬೀಜಗಳು ಚೀಲದಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ಹೇಳಿದ್ದರಿಂದ ಟೊಮೆಟೊ, ಸೀಬೆಹಣ್ಣು, ಬದನೆಕಾಯಿ, ಎಳ್ಳು, ರಾಗಿ ಎಲ್ಲವನ್ನೂ ಬಿಟ್ಟು ಮೊಸರನ್ನ ತಿನ್ನುತ್ತಿದ್ದೇನೆ. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್, ಮೊಣಕಾಲು ನೋವಿಗೆ ಡೈಕ್ಲೋಫೆನಾಕ್, ಜೊತೆಗೆ ಕ್ಯಾಲ್ಸಿಯಂ ಮಾತ್ರೆ ಇವೆ. ಶಸ್ತ್ರಚಿಕಿತ್ಸೆ ಮಾಡಿಸಿ ಈ ಚೀಲಗಳನ್ನು ತೆಗೆಸಿಬಿಡಲೆ?

ಉತ್ತರ: ಬೇಡ. ಊರು, ವಯಸ್ಸು ಬದಲಾದರೂ ಇದೇ ಪತ್ರ ನನಗೆ ಮತ್ತೆ ಮತ್ತೆ ಬರುತ್ತದೆ. ಬರೆದವರೆಲ್ಲರೂ ವರದಿಯ ಮೊದಲ ಮಾತನ್ನು ಓದಿ ಹೆದರಿರುತ್ತಾರೆ. ‘ಉರಿಯೂತದ ಲಕ್ಷಣಗಳಿಲ್ಲ’ ಎಂಬ ಕೊನೆಯ ಮಾತನ್ನು ಅವರೂ ಓದಿರುವುದಿಲ್ಲ, ಮಾತ್ರೆ ಬರೆದುಕೊಟ್ಟವರೂ ಓದಿದಂತೆ ಕಾಣುವುದಿಲ್ಲ. ನಿಮ್ಮ ವರದಿಯಲ್ಲಿ ಅತಿ ಮುಖ್ಯವಾದ ಮಾತು ಅದೇ.

ದೊಡ್ಡ ಕರುಳಿನ ಗೋಡೆಯಲ್ಲಿ ಒಳಪೊರೆಯ ಹೊರಗೆ ಸ್ನಾಯುವಿನ ಪದರವಿದೆ. ಒಳಪೊರೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಈ ಸ್ನಾಯುವನ್ನು ತೂರಿಕೊಂಡು ಹೋಗುವ ಜಾಗಗಳು ಸಹಜವಾಗಿಯೇ ದುರ್ಬಲವಾಗಿರುತ್ತವೆ. ವಯಸ್ಸಾದಂತೆ, ಸವೆದ ಟೈರಿನ ಬಿರುಕಿನಿಂದ ಟ್ಯೂಬು ಉಬ್ಬುವ ಹಾಗೆ, ಒಳಪೊರೆ ಆ ಜಾಗಗಳಲ್ಲಿ ಹೊರಕ್ಕೆ ಚಾಚಿಕೊಂಡು ಪುಟ್ಟ ಚೀಲಗಳಾಗುತ್ತದೆ. ನಿಮ್ಮ ವರದಿಯ ಡೈವರ್ಟಿಕ್ಯುಲಾ ಇವೇ. ಎಡ ಕೆಳಹೊಟ್ಟೆಯಲ್ಲಿರುವ ಸಿಗ್ಮಾಯ್ಡ್ ಭಾಗ ದೊಡ್ಡ ಕರುಳಿನಲ್ಲೇ ಕಿರಿದಾದದ್ದು. ಅಲ್ಲಿ ಒತ್ತಡ ಹೆಚ್ಚು, ಆದ್ದರಿಂದ ಚೀಲಗಳೂ ಹೆಚ್ಚು. ಪಾಶ್ಚಾತ್ಯ ದೇಶಗಳಲ್ಲಿ 60 ದಾಟಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಇವು ಇರುತ್ತವೆ. ಜಪಾನ್, ಕೊರಿಯಾಗಳಲ್ಲಿ ಇವು ಬಲಬದಿಯ ಕರುಳಿನಲ್ಲೇ ಹೆಚ್ಚಾಗಿ ಕಾಣುತ್ತವೆ. ಹೀಗೆ ಚೀಲ ಇರುವವರಲ್ಲಿ ಬಹುಪಾಲು ಮಂದಿಗೆ ಜೀವಮಾನವಿಡೀ ಅದರ ಸುಳಿವೇ ಸಿಗುವುದಿಲ್ಲ. ಮುಂದೆ ಉರಿಯೂತ ಆಗುವವರು ನೂರಕ್ಕೆ ಐದಕ್ಕಿಂತ ಕಡಿಮೆ. ಸ್ಕ್ಯಾನಿನಲ್ಲಿ ಚೀಲ ಕಂಡಿತೆಂದ ಮಾತ್ರಕ್ಕೆ ಎರಡು ವರ್ಷದ ನೋವನ್ನೆಲ್ಲ ಅದರ ತಲೆಗೆ ಕಟ್ಟುವುದು ಅವಸರದ ತೀರ್ಮಾನ.

ಚೀಲದ ಉರಿಯೂತ, ಅಂದರೆ ಡೈವರ್ಟಿಕ್ಯುಲೈಟಿಸ್, ಬಂದಾಗ ಅದರ ನಡೆ ಬೇರೆ. ನೋವು ಒಂದೆರಡು ದಿನಗಳಲ್ಲಿ ಏರುತ್ತಾ ಹೋಗಿ ಬಿಡದೆ ಕಾಡುತ್ತದೆ. ಮಲ ಅಥವಾ ವಾಯು ಹೋದ ಕೂಡಲೇ ಇಳಿಯುವುದಿಲ್ಲ. ಎಡ ಕೆಳಹೊಟ್ಟೆಯನ್ನು ಬೆರಳಿನಿಂದ ಒತ್ತಿದರೆ ಒಂದೇ ಕಡೆ ತೀವ್ರವಾಗಿ ನೋಯುತ್ತದೆ, ಬಹಳ ಸಲ ಜ್ವರವಿರುತ್ತದೆ, ರಕ್ತದಲ್ಲಿ ಬಿಳಿ ಕಣಗಳೂ ಉರಿಯೂತವನ್ನು ಸೂಚಿಸುವ ಸಿ.ಆರ್.ಪಿ. ಎಂಬ ಪ್ರೋಟೀನೂ ಏರಿರುತ್ತವೆ, ಸಿ.ಟಿ.ಯಲ್ಲಿ ಕರುಳಿನ ಗೋಡೆ ದಪ್ಪಗಾಗಿ ಸುತ್ತಲಿನ ಕೊಬ್ಬು ಮಸುಕಾಗಿ ಕಾಣುತ್ತದೆ. ನಿಮ್ಮ ನೋವು ಎರಡು ವರ್ಷಗಳಿಂದ ಬಂದು ಹೋಗುತ್ತಿದೆ, ಜ್ವರದ ಮಾತು ಪತ್ರದಲ್ಲಿ ಎಲ್ಲಿಯೂ ಇಲ್ಲ, ಸ್ಕ್ಯಾನ್ ಶುಭ್ರವಾಗಿದೆ. ನೀವು ಬರೆದಿರುವಷ್ಟರಿಂದ ನೋಡಿದರೆ ಆ ಮೂರು ಸುತ್ತಿನ ಆ್ಯಂಟಿಬಯಾಟಿಕ್ ಇಲ್ಲದ ಉರಿಯೂತಕ್ಕೆ ಕೊಟ್ಟ ಔಷಧ. ಸ್ಕ್ಯಾನಿನಲ್ಲಿ ಖಚಿತವಾದ, ಕೀವಾಗಲಿ ರಂಧ್ರವಾಗಲಿ ಇಲ್ಲದ ಉರಿಯೂತದಲ್ಲಿಯೂ ಆ್ಯಂಟಿಬಯಾಟಿಕ್ ಕೊಟ್ಟವರು ಕೊಡದವರಿಗಿಂತ ಬೇಗ ಚೇತರಿಸಿಕೊಳ್ಳಲಿಲ್ಲವೆಂದು 2012ರಲ್ಲಿ ಸ್ವೀಡನ್ನಿನ ಅಧ್ಯಯನವೂ 2017ರಲ್ಲಿ ನೆದರ್‌ಲೆಂಡ್ಸಿನ ಅಧ್ಯಯನವೂ ತೋರಿಸಿವೆ. ರೋಗನಿರೋಧಕ ಶಕ್ತಿ ಕುಂದಿದವರು, ಸ್ಟಿರಾಯ್ಡ್ ಸೇವಿಸುವವರು, ತೀವ್ರ ಜ್ವರ ಇರುವವರು ಈ ಮಾತನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಅವರಿಗೆ ಆ್ಯಂಟಿಬಯಾಟಿಕ್ ಬೇಕು, ಅದೂ ಆಸ್ಪತ್ರೆಯಲ್ಲಿ. ಆದರೆ ಔಷಧದಂಗಡಿಯಲ್ಲಿ ‘ಹೊಟ್ಟೆನೋವು’ ಎಂದು ಹೇಳಿ ಸಿಪ್ರೊಫ್ಲಾಕ್ಸಸಿನ್ ಮತ್ತು ಮೆಟ್ರೊನಿಡಜೋಲ್ ತಂದು ನುಂಗುವ ಅಭ್ಯಾಸಕ್ಕೆ ಯಾವ ಸಮರ್ಥನೆಯೂ ಇಲ್ಲ.

ಬೀಜದ ಕಥೆಗೆ ಬರೋಣ, ಏಕೆಂದರೆ ನಿಮಗೆ ಹೆಚ್ಚು ಹಾನಿ ಮಾಡಿರುವುದು ಅದೇ. ಬೀಜವೊಂದು ಚೀಲದ ಬಾಯಿಗೆ ಸಿಕ್ಕಿ ಉರಿಯೂತ ತರುತ್ತದೆ ಎಂಬುದು ಒಂದು ಕಾಲದಲ್ಲಿ ವೈದ್ಯರೇ ಹೇಳುತ್ತಿದ್ದ ಊಹೆ. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಪುರುಷರನ್ನು 18 ವರ್ಷ ಅನುಸರಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಗಟ್ಟಿ ಕಾಯಿಬೀಜಗಳನ್ನೂ ಪಾಪ್‌ಕಾರ್ನನ್ನೂ ಹೆಚ್ಚಾಗಿ ತಿಂದವರಲ್ಲಿ ಉರಿಯೂತ ಹೆಚ್ಚಿರಲಿಲ್ಲ, ಬದಲಿಗೆ ಕಡಿಮೆಯೇ ಇತ್ತು. ಇಷ್ಟು ವರ್ಷಗಳ ನಂತರವೂ ಟೊಮೆಟೊ ಬೀಜ ತೆಗೆದು ಸಾರು ಮಾಡಿ ಎಂದು ಸಲಹೆ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿಮ್ಮ ಊಟದಿಂದ ರಾಗಿ, ಸೀಬೆ, ಬದನೆ, ಎಳ್ಳು ಹೋದವು. ಅವುಗಳ ಜೊತೆ ನಾರಿನಂಶವೂ ಹೋಯಿತು. ಉಳಿದದ್ದು ಪಾಲಿಶ್ ಮಾಡಿದ ಅಕ್ಕಿ. ಮೊದಲೇ ಇದ್ದ ಮಲಬದ್ಧತೆಗೆ ಈ ಪಥ್ಯ ಇನ್ನಷ್ಟು ಬಲ ಕೊಟ್ಟಿದೆ. ಕಟ್ಟಿಕೊಂಡ ಗಟ್ಟಿ ಮಲವನ್ನು ಮುಂದೆ ತಳ್ಳಲು ಸಿಗ್ಮಾಯ್ಡ್ ಬಿಗಿಯಾಗಿ ಹಿಂಡಿದಾಗ ನೋವು ಬರುವುದೂ ಅದೇ ಎಡ ಕೆಳಹೊಟ್ಟೆಯಲ್ಲಿಯೇ. ಮಲ ಸರಿಯಾಗಿ ಹೋದ ದಿನ ನೋವು ಇಳಿಯುತ್ತದೆಯೆ ಎಂದು ಗಮನಿಸಿ. ಇಳಿಯುವುದಾದರೆ ಈ ಅನುಮಾನ ಬಲವಾಗುತ್ತದೆ.

ಇನ್ನು ನಿಮ್ಮ ಮಾತ್ರೆಗಳು. ಕ್ಯಾಲ್ಸಿಯಂ ಮಲಬದ್ಧತೆ ತರುತ್ತದೆ. ಆಮ್ಲೋಡಿಪಿನ್ ಕೂಡ ಕೆಲವರಲ್ಲಿ ತರುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬದಲಿಸಬಹುದೆ ಎಂದು ಬರೆದುಕೊಟ್ಟವರನ್ನು ಕೇಳಿ. ನಿಜವಾಗಿ ನನಗೆ ಹಿಡಿಸದಿರುವುದು ಡೈಕ್ಲೋಫೆನಾಕ್. ಅದು, ಅದರ ಗುಂಪಿನ ಐಬುಪ್ರೊಫೆನ್ ಸಹ, ಚೀಲಗಳಲ್ಲಿ ಉರಿಯೂತ, ರಕ್ತಸ್ರಾವ ಮತ್ತು ರಂಧ್ರದ ಅಪಾಯವನ್ನು ಹೆಚ್ಚಿಸುತ್ತದೆ. ನೀವು ಟೊಮೆಟೊ ಬಿಟ್ಟು ಡೈಕ್ಲೋಫೆನಾಕ್ ಉಳಿಸಿಕೊಂಡಿದ್ದೀರಿ. ಆಗಬೇಕಾದದ್ದು ಇದರ ತಿರುವುಮುರುವು. ಮೊಣಕಾಲಿಗೆ ಪ್ಯಾರಸಿಟಮಾಲ್ ಅಥವಾ ಹಚ್ಚುವ ಮುಲಾಮು ಸಾಕಾಗುತ್ತದೆಯೆ ಎಂದು ನೋಡಿ.

ನಿಮ್ಮಂಥವರಿಗೆ ನಾನು ಹೇಳುವ ಕ್ರಮ ಇದು. ಮೊದಲು ಕರುಳು ಖಾಲಿಯಾಗಬೇಕು. ಗಟ್ಟಿ ಮಲ ತುಂಬಿರುವಾಗಲೇ ಇಸಬಗೋಲು ಸುರಿದರೆ ಹೊಟ್ಟೆಯುಬ್ಬರ ಹೆಚ್ಚುತ್ತದೆ, ಆಮೇಲೆ ‘ಇಸಬಗೋಲು ನನಗೆ ಆಗುವುದಿಲ್ಲ’ ಎಂಬ ದೂರು ಬರುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ದಿನಕ್ಕೊಮ್ಮೆ 17 ಗ್ರಾಂನಷ್ಟು ಒಂದು ಲೋಟ ನೀರಿನಲ್ಲಿ ಕರಗಿಸಿ ಕುಡಿಯಿರಿ. ಅದು ಕರುಳನ್ನು ಕೆರಳಿಸದೆ ಮಲದಲ್ಲಿ ನೀರನ್ನು ಉಳಿಸುತ್ತದೆ, ಪರಿಣಾಮಕ್ಕೆ ಎರಡು ಮೂರು ದಿನ ಬೇಕು. ಮಲ ಮೃದುವಾಗಿ ಹೋಗತೊಡಗಿದ ಮೇಲೆ ಇಸಬಗೋಲು ಹೊಟ್ಟನ್ನು ದಿನಕ್ಕೆ ಒಂದು ಚಮಚದಿಂದ ಆರಂಭಿಸಿ, ವಾರದ ನಂತರ ಎರಡು ಚಮಚಕ್ಕೆ ಏರಿಸಿ, ಪ್ರತಿ ಸಲವೂ ತುಂಬಿದ ಲೋಟ ನೀರಿನೊಡನೆ ತೆಗೆದುಕೊಳ್ಳಿ. ರಾಗಿ ಮುದ್ದೆ, ಹುರುಳಿ, ಸೊಪ್ಪು, ಸೀಬೆ ಒಂದೊಂದಾಗಿ ತಟ್ಟೆಗೆ ಮರಳಲಿ, ಎಲ್ಲವೂ ಒಂದೇ ದಿನ ಬೇಡ. ಬೆಳಗಿನ ತಿಂಡಿಯ ನಂತರ ಕರುಳು ತಾನಾಗಿ ಚಲಿಸುವ ಹೊತ್ತಿನಲ್ಲಿ ಶೌಚಕ್ಕೆ ಕೂರಿ. ಇಷ್ಟು ಮಾಡಿ ನಾಲ್ಕರಿಂದ ಆರು ವಾರ ಕೊಡಿ. ಮಲ ಮೃದುವಾಗಿದ್ದರೂ ತಿಣುಕಬೇಕು, ಪೂರ್ತಿ ಹೋದಂತೆ ಅನಿಸುವುದಿಲ್ಲ ಎಂದಾದರೆ ತೊಂದರೆ ಗುದದ ಸ್ನಾಯುಗಳು ಸಡಿಲಗೊಳ್ಳದಿರುವುದರಲ್ಲಿ ಇರಬಹುದು; ಆಗ ನಾರು ಹೆಚ್ಚಿಸಿ ಫಲವಿಲ್ಲ, ಬೇರೆ ಪರೀಕ್ಷೆ ಬೇಕು.

ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಚೀಲವಲ್ಲ, ಕಾಣೆಯಾಗಿರುವ ಒಂದು ಪರೀಕ್ಷೆ. 56ನೆಯ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆಗೆ ಕೊಲೊನೊಸ್ಕೋಪಿ ಆಗಿರಬೇಕಿತ್ತು. ಸಿಗ್ಮಾಯ್ಡಿನ ಕ್ಯಾನ್ಸರ್ ಇದೇ ಜಾಗದಲ್ಲಿ, ಇದೇ ದೂರಿನೊಡನೆ ಬರಬಹುದು, ಸಾಮಾನ್ಯ ಸಿ.ಟಿ.ಯಲ್ಲಿ ಚಿಕ್ಕ ಗಡ್ಡೆ ತಪ್ಪಿಹೋಗಬಹುದು. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನೆಂದು ಸಹೋದ್ಯೋಗಿಗಳು ಹೇಳುವುದುಂಟು, ಇರಲಿ. ಈ ತಿಂಗಳೇ ಮಾಡಿಸಿ. ಮಲದಲ್ಲಿ ರಕ್ತ, ತೂಕ ಇಳಿಕೆ ಅಥವಾ ರಕ್ತಹೀನತೆ ಇದ್ದರೆ ಈ ವಾರವೇ. ಉರಿಯೂತದ ಕಾವಿನಲ್ಲಿ ಇರುವವರು ಮಾತ್ರ ಆರರಿಂದ ಎಂಟು ವಾರ ಕಾಯಬೇಕು, ಏಕೆಂದರೆ ಆಗ ಕರುಳು ತೂತಾಗುವ ಭಯವಿದೆ.

ಶಸ್ತ್ರಚಿಕಿತ್ಸೆ ಬೇಕಾಗುವುದು ಕರುಳು ಒಡೆದಾಗ, ನಳಿಕೆಯಿಂದ ಹೊರತೆಗೆದರೂ ಕೀವು ಗಡ್ಡೆ ಮಾಯದಿದ್ದಾಗ, ಕರುಳು ಕಿರಿದಾಗಿ ಮುಚ್ಚಿಕೊಂಡಾಗ, ಅಥವಾ ಕರುಳಿಗೂ ಮೂತ್ರಕೋಶಕ್ಕೂ ದಾರಿಯಾಗಿ ಮೂತ್ರದಲ್ಲಿ ಗಾಳಿಗುಳ್ಳೆ ಬರುವಾಗ. ಪದೇ ಪದೇ ಖಚಿತ ಉರಿಯೂತದಿಂದ ಬದುಕು ಕೆಟ್ಟವರ ಬಗ್ಗೆ ಒಬ್ಬೊಬ್ಬರನ್ನೂ ನೋಡಿ ನಿರ್ಧರಿಸುತ್ತೇವೆ. ಅದರಲ್ಲಿಯೂ ಚೀಲಗಳನ್ನಷ್ಟೇ ಕೀಳುವುದಿಲ್ಲ, ಸಿಗ್ಮಾಯ್ಡನ್ನೇ ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಜೋಡಿಸುತ್ತೇವೆ. ನಿಮಗೆ ಇವುಗಳಲ್ಲಿ ಒಂದೂ ಇಲ್ಲ. ಆದರೆ ಜ್ವರದೊಡನೆ ಏರುವ ನೋವು, ಹಲಗೆಯಂತೆ ಬಿಗಿಯಾದ ಹೊಟ್ಟೆ, ವಾಂತಿಯೊಡನೆ ವಾಯುವೂ ಹೋಗದ ಉಬ್ಬರ ಬಂದರೆ ಭೇದಿಯ ಔಷಧವನ್ನಾಗಲಿ ನೋವಿನ ಮಾತ್ರೆಯನ್ನಾಗಲಿ ಮುಟ್ಟದೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ವಾರಕ್ಕೊಮ್ಮೆ ಹರಳೆಣ್ಣೆ ಕುಡಿಸಿ, ಎನಿಮಾ ಕೊಟ್ಟು, ಮೂರು ತಿಂಗಳಲ್ಲಿ ಚೀಲಗಳನ್ನು ಮುಚ್ಚಿಸುವುದಾಗಿ ಒಬ್ಬರು ಹೇಳಿದ್ದಾರೆ. ಹೋಗಬಹುದೆ?

ಉತ್ತರ: ಒಮ್ಮೆ ಆದ ಚೀಲವನ್ನು ಮುಚ್ಚುವ ಔಷಧ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ, ಉರಿಯೂತ ಇರುವಾಗ ಕೊಟ್ಟ ಎನಿಮಾ ಕರುಳನ್ನು ಒಡೆಯಬಲ್ಲದು, ಹೋಗಬೇಡಿ.

ಪ್ರಶ್ನೆ: ಅಲ್ಟ್ರಾಸೌಂಡ್ ನಾರ್ಮಲ್ ಬಂದಿದೆ. ಹಾಗಾದರೆ ಚೀಲಗಳಿಲ್ಲ ಎಂದು ಅರ್ಥವೆ?

ಉತ್ತರ: ಅಲ್ಲ.

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ, ಹೃದಯಕ್ಕೆ ಆ್ಯಸ್ಪಿರಿನ್ ತೆಗೆದುಕೊಳ್ಳುತ್ತಾರೆ. ನೋವೇನೂ ಇಲ್ಲದೆ ನಿನ್ನೆ ಎರಡು ಸಲ ಕಪ್ಪುಗೆಂಪು ರಕ್ತ ಬಹಳ ಹೋಯಿತು. ಮೂಲವ್ಯಾಧಿಯ ಮುಲಾಮು ಹಚ್ಚಬಹುದೆ?

ಉತ್ತರ: ಚೀಲದ ರಕ್ತಸ್ರಾವ ನೋವಿಲ್ಲದೆಯೇ, ಹೀಗೆ ಧಾರಾಳವಾಗಿಯೇ ಆಗುತ್ತದೆ. ಮುಲಾಮು ಬದಿಗಿಟ್ಟು ಇಂದೇ ರಕ್ತನಿಧಿ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಆ್ಯಸ್ಪಿರಿನ್ ನಿಲ್ಲಿಸಬೇಕೆ ಎಂಬುದನ್ನು ಅಲ್ಲಿನ ವೈದ್ಯರು ತೀರ್ಮಾನಿಸಲಿ.

ಪ್ರಶ್ನೆ: ನನಗೆ 31 ವರ್ಷ. ಎಡ ಕೆಳಹೊಟ್ಟೆಯಲ್ಲಿ ನಿನ್ನೆಯಿಂದ ನೋವು, ಮಲವೂ ಹೋಗಿಲ್ಲ. ಮುಟ್ಟು ಹನ್ನೆರಡು ದಿನ ತಡವಾಗಿದೆ. ಡೈವರ್ಟಿಕ್ಯುಲೈಟಿಸ್ ಇರಬಹುದೆ?

ಉತ್ತರ: ನಿಮ್ಮ ವಯಸ್ಸಿನಲ್ಲಿ ಅದು ನನ್ನ ಪಟ್ಟಿಯ ಕೊನೆಯಲ್ಲಿದೆ. ಗರ್ಭನಾಳದಲ್ಲಿ ಗರ್ಭ ನಿಂತಿರುವ ಸಾಧ್ಯತೆಯನ್ನು ಮೊದಲು ತಳ್ಳಿಹಾಕಬೇಕು: ಈಗಲೇ ಆಸ್ಪತ್ರೆಗೆ ಹೋಗಿ ಗರ್ಭಪರೀಕ್ಷೆ, ಅದರ ಜೊತೆಯಲ್ಲೇ ಅಲ್ಟ್ರಾಸೌಂಡ್ ಮಾಡಿಸಿ, ಉತ್ತರಕ್ಕಾಗಿ ಪತ್ರಿಕೆಗೆ ಬರೆದು ಕಾಯಬೇಡಿ.