ಸೊನ್ನೆಯ ಜಾಗದಲ್ಲಿ ಚಕ್ರ ಬೇಡ

"ಸಂಪಾದಕರಿಗೆ ನಮಸ್ಕಾರ. ನನ್ನದು ಸೀರೆ ಅಂಗಡಿ. ಆಗಸ್ಟ್ 15ರ ಸೇಲ್‌ಗೆ ಪೋಸ್ಟರ್ ಮಾಡಿಸಿದ್ದೇನೆ. ಹಿನ್ನೆಲೆಯಲ್ಲಿ ತ್ರಿವರ್ಣ, ಬಿಳಿ ಪಟ್ಟಿಯ ಮೇಲೆ 'ಶೇ. 50 ರಿಯಾಯಿತಿ', ಸೊನ್ನೆಯ ಜಾಗದಲ್ಲಿ ಅಶೋಕ ಚಕ್ರ, ಮೂಲೆಯಲ್ಲಿ ಗಾಂಧೀಜಿ. 'ಏಸೂರು ಕೊಟ್ಟರೂ ಈ ಸೀರೆ ಬಿಡೆವು' ಎಂಬ ಸಾಲು. ಹೀಗೆಲ್ಲ ಹಾಕಬಾರದು ಅಂತಾಳೆ ಮಗಳು. ದೇಶಾಭಿಮಾನವೂ ಕಾಣಬೇಕು, ತೊಂದರೆಯೂ ಆಗಬಾರದು. ಏನು ಮಾಡಲಿ?"
– ಬಟ್ಟೆ ವ್ಯಾಪಾರಿ, ದಾವಣಗೆರೆ

ನಿಮ್ಮ ಮಗಳು ಹೇಳಿದ್ದು ಸರಿ. ಪ್ರಿಂಟ್‌ಗೆ ಕೊಡುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು.

ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯಲು 1950ರಲ್ಲೇ ಒಂದು ಕಾಯ್ದೆ ಬಂದಿದೆ. ರಾಷ್ಟ್ರಧ್ವಜ, ಅಶೋಕ ಚಕ್ರ, ಗಾಂಧೀಜಿಯ ಹೆಸರು ಮತ್ತು ಚಿತ್ರ ಮೂರೂ ಅದರ ಪಟ್ಟಿಯಲ್ಲಿವೆ. ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಇವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಧ್ವಜವನ್ನು ಯಾವ ಜಾಹೀರಾತಿನಲ್ಲೂ ಬಳಸಬಾರದು, ಅದರ ಮೇಲೆ ಅಕ್ಷರ ಬರೆಯಬಾರದು ಎಂದು 2002ರ ಧ್ವಜ ಸಂಹಿತೆಯೂ ಹೇಳುತ್ತದೆ. ನಿಮ್ಮ ಪೋಸ್ಟರ್ ಇವೆರಡನ್ನೂ ಒಂದೇ ಏಟಿಗೆ ಮಾಡಿದೆ!

"ಚಕ್ರ ತೆಗೆದು ಬರೀ ಮೂರು ಪಟ್ಟಿ ಇಟ್ಟರೆ ಸಾಕಲ್ವಾ ಸಾರ್?" ಅಂತ ಡಿಸೈನರ್ ಕೇಳಬಹುದು. ಸಾಲದು. ಧ್ವಜ ಮಾತ್ರ ಅಲ್ಲ, ಅದನ್ನೇ ಹೋಲುವ ನಕಲಿಗೂ ಆ ಕಾಯ್ದೆ ಅನ್ವಯಿಸುತ್ತದೆ. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು ಅಡ್ಡ ಪಟ್ಟಿ ಇದ್ದರೆ ನೋಡಿದವರೆಲ್ಲ ಬಾವುಟ ಅಂತಲೇ ಅಂದುಕೊಳ್ಳುತ್ತಾರೆ. ಬಣ್ಣಗಳಿಗೇನೂ ನಿಷೇಧವಿಲ್ಲ. ಪಟ್ಟಿ ಮಾಡಬೇಡಿ, ಆ ಕ್ರಮದಲ್ಲಿ ಜೋಡಿಸಬೇಡಿ ಅಷ್ಟೇ. ಸೀರೆ ಅಂಗಡಿಗೆ ಇದು ಸುಲಭ: ಕೆನೆ ಬಣ್ಣದ ಹಿನ್ನೆಲೆಯಲ್ಲಿ ಹಸಿರು ಒಡಲಿನ, ಕೇಸರಿ ಸೆರಗಿನ ಒಂದು ಸೀರೆಯ ಫೋಟೋ ಹಾಕಿ. ಹಬ್ಬದ ಕಳೆ ತಾನಾಗೇ ಬರುತ್ತದೆ.

ಕರಪತ್ರ, ಕ್ಯಾರಿಬ್ಯಾಗ್ ಮೇಲೂ ಬಾವುಟ ಬೇಡ. 16ನೇ ತಾರೀಕು ಅವು ಎಲ್ಲಿ ಬಿದ್ದಿರುತ್ತವೆ ಅಂತ ನಿಮಗೇ ಗೊತ್ತು.

ಇನ್ನು ಆ ಸಾಲು. ಬರೆದವರು ಚುರುಕು, ಒಪ್ಪಿದೆ. ಯಾವ ಕಾಯ್ದೆಯೂ ಅದನ್ನು ತಡೆಯಲಿಕ್ಕಿಲ್ಲ. ಆದರೂ ನನ್ನ ಪೆನ್ನು ಮೊದಲು ಹೊಡೆದು ಹಾಕುವುದು ಅದನ್ನೇ. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದದ್ದು ನಿಮ್ಮ ಪಕ್ಕದ ಜಿಲ್ಲೆಯ, ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ, 1942ರಲ್ಲಿ. ಮರುವರ್ಷ ಆ ಊರಿನ ಐವರು ಗಲ್ಲಿಗೇರಿದರು. ನಿಮ್ಮ ಅಂಗಡಿಗೆ ಆ ಕಡೆಯಿಂದಲೂ ಗಿರಾಕಿಗಳು ಬರುತ್ತಾರಲ್ಲ, ಅವರಲ್ಲೊಬ್ಬರು ಈ ಪೋಸ್ಟರ್ ಮುಂದೆ ನಿಂತು ಓದುವುದನ್ನು ನೆನೆಸಿಕೊಳ್ಳಿ. ಹುತಾತ್ಮರ ಮಾತನ್ನು ರಿಯಾಯಿತಿಗೆ ತಿರುಚಿದರೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಹಾಗಂತ "ಬೆಲೆ ಏರಿಕೆಯಿಂದ ಸ್ವಾತಂತ್ರ್ಯ" ಅಂತ ಬರೆಯಲೂ ಹೋಗಬೇಡಿ. ಅದು ಪ್ರತಿ ವರ್ಷ ಎಲ್ಲ ಅಂಗಡಿಯಲ್ಲೂ ಇರುತ್ತದೆ.

ಹಾಗಾದರೆ ದೇಶಾಭಿಮಾನ ಎಲ್ಲಿಂದ ತರೋದು? ನಿಮ್ಮ ಕಪಾಟಿನಿಂದಲೇ. ಸ್ವಾತಂತ್ರ್ಯ ಹೋರಾಟಕ್ಕೂ ಬಟ್ಟೆಗೂ ನೇರ ನಂಟಿದೆ. 1905ರ ಆಗಸ್ಟ್ 7ರಂದು ಕೋಲ್ಕತ್ತಾದಲ್ಲಿ ಸ್ವದೇಶಿ ಚಳವಳಿ ಘೋಷಣೆಯಾಯಿತು. ಆ ನೆನಪಿಗೇ 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸುತ್ತಿದ್ದಾರೆ. ಸೇಲ್ ಅನ್ನು ಅಂದೇ ಶುರು ಮಾಡಿ. ಆಗ ಗಾಂಧೀಜಿಯ ಫೋಟೋ ಇಲ್ಲದೆಯೂ ಪೋಸ್ಟರ್‌ಗೊಂದು ಅರ್ಥ ಬರುತ್ತದೆ. ನಾನಾದರೆ ಹೀಗೆ ಬರೆಯುತ್ತಿದ್ದೆ:

"ನೇಕಾರರ ಕೈಯಿಂದ ನಿಮ್ಮ ಮಡಿಲಿಗೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ನೇಯ್ದ ಇಳಕಲ್ ಕೈಮಗ್ಗದ ಸೀರೆಗಳು. ಆಗಸ್ಟ್ 7ರಿಂದ 15ರವರೆಗೆ ಶೇ. 50 ರಿಯಾಯಿತಿ. 15ರಂದು ಧ್ವಜವಂದನೆ ಮುಗಿಸಿ ಬನ್ನಿ, ಅಂಗಡಿ ತೆರೆಯುವುದು 11ಕ್ಕೆ."

ಕೊನೆಯ ವಾಕ್ಯ ನೋಡಿ. ಬಾವುಟದ ಚಿತ್ರವಿಲ್ಲ, ಆದರೂ ನೀವು ಅದಕ್ಕೆ ಕೊಡುವ ಮರ್ಯಾದೆ ಕಾಣುತ್ತದೆ. ಆದರೆ ಹೇಳಿದ ಮೇಲೆ 11ಕ್ಕೇ ತೆರೆಯಬೇಕು, ನಿಮ್ಮ ಹುಡುಗರೂ ಧ್ವಜವಂದನೆಗೆ ಹೋಗುವಂತಾಗಬೇಕು.

ಇನ್ನೊಂದು ಎಚ್ಚರಿಕೆ. ಇಳಕಲ್ ಅಂತ ಮಾರಾಟವಾಗುವುದೆಲ್ಲ ಕೈಮಗ್ಗದ್ದಲ್ಲ, ಪವರ್‌ಲೂಮ್‌ದೂ ಜಾಸ್ತಿ ಇದೆ. ಸರಬರಾಜು ಮಾಡುವವರನ್ನು ಕೇಳಿ, ಹ್ಯಾಂಡ್‌ಲೂಮ್ ಮಾರ್ಕ್ ಇರುವ ಸೀರೆಗಳನ್ನು ಬೇರೆ ಇಡಿ. ಪವರ್‌ಲೂಮ್ ಸೀರೆಗೂ ರಿಯಾಯಿತಿ ಕೊಡಿ, ಆದರೆ ಅದಕ್ಕೆ ಬೇರೆ ಬೋರ್ಡ್ ಹಾಕಿ. ನೇಕಾರರ ಹೆಸರು ಹೇಳಿ ಮಿಲ್ ಬಟ್ಟೆ ಮಾರಿದರೆ ಅದೂ ದುರ್ಬಳಕೆಯೇ.

ಅಂಗಡಿ ಮುಂದೆ ನಿಜವಾದ ಬಾವುಟ ಹಾರಿಸಬೇಕು ಅನ್ನಿಸಿದರೆ ಧಾರಾಳವಾಗಿ ಹಾರಿಸಿ. ಹುಬ್ಬಳ್ಳಿಯ ಬೆಂಗೇರಿಯಲ್ಲೇ ಖಾದಿ ಧ್ವಜ ತಯಾರಾಗುತ್ತದೆ. ಕೇಸರಿ ಮೇಲಿರಲಿ, ಬಟ್ಟೆ ಹರಿದಿರಬಾರದು, ಕಂಬಕ್ಕೆ ಸೇಲ್ ಬ್ಯಾನರ್ ಕಟ್ಟಬಾರದು. ಬ್ಯಾನರ್ ಅನ್ನು ಬಾಗಿಲ ಪಕ್ಕದ ಗೋಡೆಗೆ ಹಾಕಿಸಿ.

– ಸಂಪಾದಕ