ರೆಸ್ಯೂಮೆಯ ಮೇಲೆ ‘ಗೋಪ್ಯ’ ಎಂದು ಬರೆದರೆ ಸಾಕೇ?

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೇನೆ. ಬೇರೆ ಕಡೆ ಪ್ರಯತ್ನಿಸುತ್ತಿರುವುದು ಈಗಿನ ಮ್ಯಾನೇಜರ್ ಕಿವಿಗೆ ಬೀಳಬಾರದು. ರೆಸ್ಯೂಮೆಯ ಮೇಲೆ ‘ಗೋಪ್ಯ’ ಎಂದು ಬರೆದು ಕನ್ಸಲ್ಟೆಂಟ್‌ಗೆ ಕಳಿಸಿದ್ದೇನೆ. ಅಷ್ಟು ಸಾಕಲ್ಲವೇ?

ಉತ್ತರ: ಸಾಲದು. ಇದನ್ನು ಕೇಳುವವರೆಲ್ಲ ರೆಸ್ಯೂಮೆ ಕಳಿಸಿಯಾದ ಮೇಲೆಯೇ ಕೇಳುತ್ತಾರೆ ಎಂಬುದು ನನ್ನ ಹಳೆಯ ಬೇಸರ. ಕನ್ಸಲ್ಟೆಂಟ್‌ಗೆ ಸಂಭಾವನೆ ಕೊಡುವುದು ನೇಮಿಸಿಕೊಳ್ಳುವ ಕಂಪನಿಯೇ ಹೊರತು ನೀವಲ್ಲ. ಕೈಗೆ ಬಂದ ರೆಸ್ಯೂಮೆಯನ್ನು ಹೊಂದುವ ನಾಲ್ಕಾರು ಕಡೆಗೆ ಕಳಿಸುವುದು ಆ ವೃತ್ತಿಯಲ್ಲಿ ಸಾಮಾನ್ಯ, ಮತ್ತು ಆ ನಾಲ್ಕಾರು ಗ್ರಾಹಕರಲ್ಲಿ ನಿಮ್ಮ ಈಗಿನ ಕಂಪನಿಯೂ ಒಂದಾಗಿರಬಹುದು. ಆದ್ದರಿಂದ ರೆಸ್ಯೂಮೆ ಕೊಡುವ ಮೊದಲೇ, ಫೋನಿನಲ್ಲಿ ಅಲ್ಲ, ನಿಮ್ಮ ಸ್ವಂತ ಮೇಲ್‌ನಿಂದ, ನನ್ನ ಈಗಿನ ಕಂಪನಿಯಾಗಲಿ ಅದರ ಅಂಗಸಂಸ್ಥೆಗಳಾಗಲಿ ನಿಮ್ಮ ಗ್ರಾಹಕರೇ ಎಂದು ಕೇಳಿ. ಕಂಪನಿಯ ಹೆಸರು ಹೇಳಿ ನನ್ನ ಒಪ್ಪಿಗೆ ಪಡೆಯದೆ ರೆಸ್ಯೂಮೆಯನ್ನು ಯಾರಿಗೂ ಕಳಿಸಬಾರದು, ನಾನು ರಾಜೀನಾಮೆ ಕೊಡುವವರೆಗೆ ಈಗಿನ ಕಚೇರಿಯ ಯಾರನ್ನೂ ಸಂಪರ್ಕಿಸಬಾರದು ಎಂದೂ ಅದೇ ಮೇಲ್‌ನಲ್ಲಿ ಬರೆಯಿರಿ. ‘ಆಗಲಿ’ ಎಂಬ ಒಂದು ಸಾಲಿನ ಉತ್ತರ ಬಂದ ಮೇಲೆ ರೆಸ್ಯೂಮೆ ಕಳಿಸಿ. ಅದನ್ನು ಬರೆದುಕೊಡಲು ಹಿಂಜರಿಯುವವರಿಗೆ ನಾನಾದರೆ ಕಳಿಸುವುದೇ ಇಲ್ಲ.

ಆದರೆ ಗುಟ್ಟು ಹೆಚ್ಚಾಗಿ ಒಡೆಯುವುದು ಕನ್ಸಲ್ಟೆಂಟ್ ಬಳಿ ಅಲ್ಲ, ಹಿನ್ನೆಲೆ ಪರಿಶೀಲನೆಯ ಹಂತದಲ್ಲಿ. ಈ ಕೆಲಸವನ್ನು ಹೊಸ ಕಂಪನಿಯು ಸಾಮಾನ್ಯವಾಗಿ ಹೊರಗಿನ ಸಂಸ್ಥೆಯೊಂದಕ್ಕೆ ಒಪ್ಪಿಸಿರುತ್ತದೆ. ನೀವು ಕನ್ಸಲ್ಟೆಂಟ್‌ಗೆ ಬರೆದ ಮೇಲ್ ಆ ಸಂಸ್ಥೆಯವರ ಕಣ್ಣಿಗೆ ಬಿದ್ದಿರುವುದಿಲ್ಲ. ಅವರಿಗೆ ಗೊತ್ತಿರುವುದು ನೀವು ತುಂಬಿದ ಅರ್ಜಿ ನಮೂನೆ ಮಾತ್ರ.

ನನ್ನ ಬಳಿ ಬಂದ ಟೆಸ್ಟಿಂಗ್ ಇಂಜಿನಿಯರ್ ಒಬ್ಬರಿಗೆ ಆದದ್ದು ಇದೇ. ಅವರ ಕನ್ಸಲ್ಟೆಂಟ್ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದರು. ಮಂಗಳವಾರ ಆಫರ್ ಲೆಟರ್ ಬಂತು, ಜೊತೆಗೆ ಪರಿಶೀಲನೆಯ ಲಿಂಕ್ ಕೂಡ. ಬೋನಸ್ ಕೈಗೆ ಬಂದ ಮೇಲೆ ರಾಜೀನಾಮೆ ಕೊಡುವುದು ಅವರ ಲೆಕ್ಕಾಚಾರವಾಗಿತ್ತು. ಆ ರಾತ್ರಿಯೇ ಕುಳಿತು ನಮೂನೆ ತುಂಬಿದರು, ಮೇಲಧಿಕಾರಿ ಎಂಬ ಜಾಗದಲ್ಲಿ ಮ್ಯಾನೇಜರ್ ಹೆಸರು ಮತ್ತು ಮೊಬೈಲ್ ಸಂಖ್ಯೆ ಬರೆದರು, ‘ಈಗ ಸಂಪರ್ಕಿಸಬಹುದೇ’ ಎಂಬ ಪ್ರಶ್ನೆಗೆ ಮೊದಲೇ ಗುರುತಾಗಿದ್ದ ‘ಹೌದು’ ಎಂಬುದನ್ನು ಹಾಗೆಯೇ ಬಿಟ್ಟರು. ಗುರುವಾರ ಮಧ್ಯಾಹ್ನ ಮ್ಯಾನೇಜರ್‌ಗೆ ಕರೆ ಹೋಯಿತು. ತಪ್ಪು ಯಾರದು ಎಂದು ಅವರು ನನ್ನನ್ನು ಕೇಳಿದರು. ನಾನು ಆ ನಮೂನೆಯನ್ನೇ ಅವರ ಮುಂದಿಟ್ಟೆ.

ಅಲ್ಲಿ ‘ಇಲ್ಲ’ ಎಂದು ಗುರುತಿಸಿ, ಟಿಪ್ಪಣಿಯ ಜಾಗದಲ್ಲಿ ‘ಬಿಡುಗಡೆಯ ದಿನಾಂಕದ ನಂತರವೇ ಸಂಪರ್ಕಿಸಿ’ ಎಂದು ಬರೆಯಬೇಕಿತ್ತು. ಅದನ್ನೇ ಹೊಸ ಕಂಪನಿಯ ಎಚ್.ಆರ್. ಅವರಿಗೂ ಮೇಲ್‌ನಲ್ಲಿ ತಿಳಿಸಿ, ಪರಿಶೀಲನಾ ಸಂಸ್ಥೆಗೆ ಹೇಳಿಬಿಡಲು ಕೋರಬೇಕಿತ್ತು. ಈಗಿನ ಕೆಲಸಕ್ಕೆ ಪುರಾವೆ ಬೇಕೆಂದರೆ ಸಂಬಳದ ಚೀಟಿ, ಫಾರ್ಮ್ 16, ಪಿ.ಎಫ್. ಪಾಸ್‌ಬುಕ್ ಇವೆ, ಇವುಗಳಿಗಾಗಿ ಯಾರಿಗೂ ಕರೆ ಮಾಡಬೇಕಿಲ್ಲ. ಹಿಂದಿನ ಕಂಪನಿಗಳನ್ನು ಬೇಕಾದರೆ ಈಗಲೇ ವಿಚಾರಿಸಲಿ. ಇದಕ್ಕೂ ಒಂದು ಮಿತಿಯಿದೆ: ಈಗಿನ ಕಂಪನಿಯ ಪರಿಶೀಲನೆಯನ್ನು ಮುಂದೂಡಬಹುದೇ ಹೊರತು ತಪ್ಪಿಸಲಾಗದು, ಮತ್ತು ಅದು ಮುಗಿಯುವವರೆಗೆ ಹೊಸ ಕೆಲಸ ಷರತ್ತಿಗೆ ಒಳಪಟ್ಟೇ ಇರುತ್ತದೆ. ಹುದ್ದೆ, ಸಂಬಳ, ದಿನಾಂಕಗಳಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಮಾಡಿದವರು ಈ ದಾರಿ ಹಿಡಿದರೆ ಹಳೆಯ ಕೆಲಸವನ್ನೂ ಬಿಟ್ಟು ಹೊಸದನ್ನೂ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ನೌಕ್ರಿ ತಾಣದಲ್ಲಿ ನನ್ನ ಕಂಪನಿಯನ್ನು ಬ್ಲಾಕ್ ಮಾಡಿದ್ದೇನೆ. ಇನ್ನು ಭಯವಿಲ್ಲವಲ್ಲ?

ಉತ್ತರ: ಬ್ಲಾಕ್ ಆಗಿರುವುದು ಕಂಪನಿಯೇ ಹೊರತು ಅದಕ್ಕೆ ಜನರನ್ನು ಹುಡುಕಿಕೊಡುವ ಏಜೆನ್ಸಿಯಲ್ಲ. ಆ ಏಜೆನ್ಸಿಗಳ ಮತ್ತು ಅಂಗಸಂಸ್ಥೆಗಳ ಹೆಸರನ್ನೂ ಪಟ್ಟಿಗೆ ಸೇರಿಸಿ.

ಪ್ರಶ್ನೆ: ಲಿಂಕ್ಡ್‌ಇನ್‌ನಲ್ಲಿ ಫೋಟೋ ಸುತ್ತ ಹಸಿರು ಪಟ್ಟಿ ಹಾಕಿದರೆ ನಮ್ಮ ಕಂಪನಿಯವರಿಗೂ ಕಾಣುತ್ತದೆಯೇ?

ಉತ್ತರ: ಎಲ್ಲರಿಗೂ ಕಾಣುತ್ತದೆ. ನೇಮಕಾತಿಯವರಿಗೆ ಮಾತ್ರ ತೋರಿಸುವ ಆಯ್ಕೆ ಬೇರೆಯೇ ಇದೆ, ಆದರೆ ಪೂರ್ಣ ಗೋಪ್ಯತೆಯ ಖಾತರಿ ಕೊಡಲಾಗದೆಂದು ಆ ತಾಣವೇ ಹೇಳುತ್ತದೆ.

ಪ್ರಶ್ನೆ: ಐದು ಸಾವಿರ ಕೊಟ್ಟರೆ ಯಾರಿಗೂ ತಿಳಿಯದಂತೆ ಕೆಲಸ ಕೊಡಿಸುತ್ತೇನೆಂದು ಒಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ಅಭ್ಯರ್ಥಿಯಿಂದ ಹಣ ಕೇಳುವ ಇಂಥವರು ಕನ್ಸಲ್ಟೆಂಟ್ ಅಲ್ಲ, ಮೋಸಗಾರರು. ಅವರಿಗೆ ರೆಸ್ಯೂಮೆಯನ್ನೂ ಕೊಡಬೇಡಿ.