ಪೈಲ್ಸ್ ನೋವಿಗೆ ಬೆಚ್ಚಗಿನ ನೀರು: ತಡೆಯುವಷ್ಟು ಬಿಸಿ ಬೇಡ, ಅರ್ಧ ಗಂಟೆಯೂ ಬೇಡ

ಪ್ರಶ್ನೆ: ಪೈಲ್ಸ್ ನೋವಿಗೆ ಬಿಸಿನೀರಿನ ಟಬ್‌ನಲ್ಲಿ ಕೂತ್ಕೊಳ್ಳಿ ಅಂತ ಡಾಕ್ಟರ್ ಹೇಳಿದ್ರು. ತಡೆಯೋ ಅಷ್ಟು ಬಿಸಿ ನೀರಲ್ಲಿ ದಿನಾ ನಾಲ್ಕೈದು ಸಲ ಅರ್ಧ ಗಂಟೆ ಕೂರ್ತಿದ್ದೀನಿ. ಉರಿ ಇನ್ನೂ ಜಾಸ್ತಿ ಆಗಿದೆ. ಎಷ್ಟು ಬಿಸಿ, ಎಷ್ಟು ಹೊತ್ತು, ಎಷ್ಟು ಸಲ ಅಂತ ಸರಿಯಾಗಿ ಹೇಳಿ.

ಈ "ತಡೆಯೋ ಅಷ್ಟು ಬಿಸಿ" ಅನ್ನುವ ಅಳತೆಯನ್ನು ಮೊದಲು ಬಿಟ್ಟುಬಿಡಿ. ನೋವಿನಲ್ಲಿರುವ ಮನುಷ್ಯ ಎಷ್ಟು ಬೇಕಾದರೂ ತಡೆಯುತ್ತಾನೆ, ಆದರೆ ಅಲ್ಲಿನ ಚರ್ಮ ತಡೆಯುವುದಿಲ್ಲ. ನೀರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಸಾಕು. ಒಂದೆರಡು ಡಿಗ್ರಿ ಕಡಿಮೆಯಾದರೆ ನಷ್ಟವೇನಿಲ್ಲ, ಮೇಲೆ ಹೋಗಬೇಡಿ. ಒಂದು ಸಲಕ್ಕೆ 10ರಿಂದ 15 ನಿಮಿಷ. ದಿನಕ್ಕೆ ಎರಡು ಮೂರು ಸಲ, ಅದರಲ್ಲಿ ಒಂದು ಸಲ ಕಕ್ಕಸಿಗೆ ಹೋಗಿ ಬಂದ ಕೂಡಲೇ. ಉತ್ತರ ಇಷ್ಟೇ. ಆದರೆ ಇಷ್ಟನ್ನೇ ಹೇಳಿ ಕಳಿಸಿದರೆ ವಾರದ ಮೇಲೆ ಚರ್ಮ ಸುಟ್ಟುಕೊಂಡು ಬರುತ್ತಾರೆ, ಅದಕ್ಕೇ ಉಳಿದದ್ದನ್ನೂ ಬರೆಯುತ್ತೇನೆ.

ನೀರಿನಲ್ಲಿ ಕೂರುವುದು ಗಂಟನ್ನು ಕರಗಿಸುವುದಕ್ಕಲ್ಲ. ಗುದದ್ವಾರದ ಒಳಸುತ್ತಿನಲ್ಲಿ ಬಳೆಯಂತೆ ಒಂದು ಸ್ನಾಯು ಇದೆ, ಅದು ನಮ್ಮ ಹಿಡಿತದಲ್ಲಿಲ್ಲ. ನೋವಾದಾಗ ಅದು ಬಿಗಿಯುತ್ತದೆ, ಬಿಗಿದಷ್ಟೂ ನೋವು ಹೆಚ್ಚುತ್ತದೆ. ಬೆಚ್ಚಗಿನ ನೀರು ತಗುಲಿದಾಗ ಆ ಬಿಗಿತ ಸಡಿಲವಾಗುತ್ತದೆ, ನೋವು ಇಳಿಯುತ್ತದೆ. ಈ ಕೆಲಸ ಮೊದಲ ಹತ್ತು ನಿಮಿಷದಲ್ಲೇ ಮುಗಿದಿರುತ್ತದೆ. ಆಮೇಲೂ ಕೂತರೆ ಚರ್ಮ ನೆನೆದು ಬೆಳ್ಳಗೆ ಸುಕ್ಕಾಗುತ್ತದೆ, ಒರೆಸುವಾಗ ಕಿತ್ತುಬರುತ್ತದೆ. ಜೊತೆಗೆ, ಕಮೋಡಿನ ಮೇಲೆ ಇಡುವ ಟಬ್ ಆದರೆ ಕೆಳಭಾಗಕ್ಕೆ ಆಸರೆ ಇಲ್ಲದೆ ಜೋತುಬಿದ್ದಿರುತ್ತದೆ, ರಕ್ತ ಅಲ್ಲೇ ಇಳಿದು ನಿಂತು ಊತ ಹೆಚ್ಚುತ್ತದೆ. ಮೊಬೈಲ್ ಹಿಡಿದು ಟಬ್‌ನಲ್ಲಿ ಕೂರಬೇಡಿ ಅನ್ನುವುದು ಇದಕ್ಕೇ. ಹತ್ತು ನಿಮಿಷ ಅರ್ಧ ಗಂಟೆ ಆಗುವುದು ಗೊತ್ತೇ ಆಗುವುದಿಲ್ಲ.

ಇನ್ನು 40 ಡಿಗ್ರಿ ಅಂದರೆ ಮನೆಯಲ್ಲಿ ಹೇಗೆ? ನಲ್ಲಿ ನೀರನ್ನು ಲೀಟರ್ ಬಾಟಲಿಯಲ್ಲಿ ಅಳೆದು ನಾಲ್ಕು ಲೀಟರ್ ಮೊದಲು ಟಬ್‌ಗೆ ಹಾಕಿ. ಅದೇ ಬಾಟಲಿಯಲ್ಲಿ ಮೊದಲೇ ಅಳೆದು ಒಲೆಯ ಮೇಲಿಟ್ಟ ಒಂದು ಲೀಟರ್ ನೀರು ಕುದಿ ಬಂದ ಮೇಲೆ ಅದನ್ನು ಪಾತ್ರೆಯಿಂದಲೇ ಸುರಿದು ಕಲಸಿ. ನಲ್ಲಿ ನೀರು 25 ಡಿಗ್ರಿ ಇದ್ದರೆ ಇದು 40ರ ಹತ್ತಿರ ಬಂದು ನಿಲ್ಲುತ್ತದೆ. ಚಳಿಗಾಲದ ಬೆಳಿಗ್ಗೆ ನಲ್ಲಿ ನೀರು 20 ಡಿಗ್ರಿಗೆ ಇಳಿದಿರುವಾಗ ಮೂರು ಲೀಟರ್‌ಗೆ ಒಂದು ಲೀಟರ್ ಕುದಿನೀರು ಬೇಕಾಗುತ್ತದೆ. ಯಾವಾಗಲೂ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಗೀಸರ್ ನೀರನ್ನು ನೇರವಾಗಿ ತುಂಬಿಸಬೇಡಿ, ಅದು ಮೈ ಸುಡುವಷ್ಟು ಬಿಸಿ ಇರಬಹುದು.

ಕಲಸಿದ ಮೇಲೆ ಮೊಣಕೈ ಅದ್ದಿ ನೋಡಿ. ಬೆರಳು ಬೇಡ, ಅಡುಗೆ ಮಾಡುವವರ ಬೆರಳಿಗೆ ಬಿಸಿ ಗೊತ್ತಾಗುವುದಿಲ್ಲ. ಮಗುವಿಗೆ ಸ್ನಾನ ಮಾಡಿಸುವಾಗ ನೋಡುತ್ತೀರಲ್ಲ, ಹಾಗೆ ಮೊಣಕೈಗೆ ಹಿತವಾಗಿರಬೇಕು, ಚುರ್ ಅನ್ನಬಾರದು. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿದ್ದರೆ ಅದರ ತುದಿ ಅದ್ದಿ ನೋಡಬಹುದು. ಅದು ಸಾಮಾನ್ಯವಾಗಿ 42ರ ಮೇಲಿನದ್ದನ್ನು ತೋರಿಸುವುದಿಲ್ಲ, ಪರದೆಯಲ್ಲಿ H ಅಂತ ಬಂದರೆ ನೀರು ಜಾಸ್ತಿ ಬಿಸಿ ಇದೆ ಅಂತಲೇ ಅರ್ಥ. ಪಾದರಸದ ಗಾಜಿನ ಥರ್ಮಾಮೀಟರ್ ಮಾತ್ರ ಅದ್ದಬೇಡಿ, ಬಿಸಿಗೆ ಒಡೆಯುತ್ತದೆ.

ಕೂತಾಗ ಗುದದ ಭಾಗ ಪೂರ್ತಿ ಮುಳುಗಿರಬೇಕು, ಹೊಟ್ಟೆ ತನಕ ನೀರು ಬೇಕಿಲ್ಲ. ನಡುವೆ ನೀರು ತಣಿದರೆ ತಣಿಯಲಿ, ಕೂತಲ್ಲೇ ಮೇಲಿಂದ ಕುದಿನೀರು ಸುರಿಸಿಕೊಳ್ಳಬೇಡಿ. ತೊಡೆಯ ಒಳಭಾಗ, ವೃಷಣ ಸುಟ್ಟುಕೊಳ್ಳುವುದು ಆಗಲೇ. ಎದ್ದ ಮೇಲೆ ಮೆತ್ತಗಿನ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿ.

ನಿಮ್ಮ ಪತ್ರ ಓದಿದಾಗ ನನ್ನ ಹತ್ತಿರ ಬಂದಿದ್ದ ಒಬ್ಬ ಟ್ಯಾಕ್ಸಿ ಚಾಲಕರು ನೆನಪಾದರು. ಮಲಬದ್ಧತೆಯಲ್ಲಿ ಮುಕ್ಕಿ ಮುಕ್ಕಿ ಬಂದ ದಿನವೇ ಗುದದ ಅಂಚಿನಲ್ಲಿ ದ್ರಾಕ್ಷಿ ಗಾತ್ರದ ನೀಲಿ ಗಂಟು, ಕೂರಲಾಗದ ನೋವು. ಹೊರಗಿನ ಪೈಲ್ಸ್‌ನಲ್ಲಿ ರಕ್ತ ಹೆಪ್ಪುಗಟ್ಟಿದಾಗ ಹೀಗೇ ಆಗುತ್ತದೆ. ಹಬೆಯಾಡುವ ನೀರಿಗೆ ಬೆಳ್ಳಗಾಗುವಷ್ಟು ಡೆಟಾಲ್ ಹಾಕಿ, ಒಂದೊಂದು ಸಲಕ್ಕೆ ಅರ್ಧ ಗಂಟೆ ಕೂತಿದ್ದಾರೆ. ಐದನೇ ದಿನ ಬಂದಾಗ ಗಂಟು ಆಗಲೇ ಮೆತ್ತಗಾಗಿತ್ತು. ಸುತ್ತಲಿನ ಚರ್ಮ ಮಾತ್ರ ಕೆಂಪಗೆ ಬೆಂದು, ಅಲ್ಲಲ್ಲಿ ಮೇಲ್ಪದರ ಎದ್ದುಬಂದಿತ್ತು. ಅವರು ನರಳುತ್ತಿದ್ದದ್ದು ಪೈಲ್ಸ್‌ನಿಂದಲ್ಲ, ಚಿಕಿತ್ಸೆಯಿಂದ. ಡೆಟಾಲ್ ನಿಲ್ಲಿಸಿ ಒಂದು ದಿನ ನೀರಿನಲ್ಲಿ ಕೂರುವುದನ್ನೂ ನಿಲ್ಲಿಸಿದೆವು. ಆಮೇಲೆ ಬರೀ ನೀರು, ಹತ್ತೇ ನಿಮಿಷ, ಬೆಳಿಗ್ಗೆ ಕಕ್ಕಸಿಗೆ ಹೋಗಿ ಬಂದ ಮೇಲೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ. ಒಂದೆರಡು ದಿನದಲ್ಲಿ ಉರಿ ಇಳಿಯಿತು. ಗಂಟು ಚಪ್ಪಟೆಯಾಗಲು ಕೆಲವು ವಾರ ಹಿಡಿಯಿತು, ಅದು ಸಹಜ. ನೀವೂ ಹೀಗೇ ಮಾಡಿ. ಚರ್ಮ ಕಿತ್ತಿದ್ದರೆ, ನೀರುಗುಳ್ಳೆ ಎದ್ದಿದ್ದರೆ ಮೊದಲು ತೋರಿಸಿಕೊಳ್ಳಿ, ಟಬ್ ಆಮೇಲೆ.

ಎಷ್ಟು ದಿನ ಅಂದರೆ, ನೋವು ಇರುವಷ್ಟು ದಿನ. ಇಂಥ ಹೆಪ್ಪುಗಟ್ಟಿದ ಗಂಟಿನ ನೋವು ಮೊದಲ ಎರಡು ಮೂರು ದಿನ ಜೋರಾಗಿದ್ದು, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ನೋವು ತೀರಾ ತಡೆಯಲಾಗದಂತಿದ್ದರೆ ಆ ಮೊದಲ ಮೂರು ದಿನದೊಳಗೇ ಸರ್ಜನ್ ಹತ್ತಿರ ಹೋಗಿ. ಆಗ ಮರಗಟ್ಟಿಸಿ ಗಂಟನ್ನು ತೆಗೆದರೆ ಬೇಗ ಆರಾಮ ಸಿಗುತ್ತದೆ. ತಡವಾದರೆ ನೋವು ತಾನೇ ಇಳಿಯುತ್ತಿರುತ್ತದೆ, ಕೊಯ್ಯುವುದರಿಂದ ಹೆಚ್ಚು ಲಾಭವಿಲ್ಲ.

ಇನ್ನೊಂದು ಮಾತು. ಒಳಗಿನ ಪೈಲ್ಸ್ ಸಾಮಾನ್ಯವಾಗಿ ನೋಯುವುದೇ ಇಲ್ಲ, ರಕ್ತ ಬರುತ್ತದೆ ಅಷ್ಟೇ. "ಪೈಲ್ಸ್ ನೋವು" ಅಂತ ಬರುವ ಎಷ್ಟೋ ಜನಕ್ಕೆ ಇರುವುದು ಫಿಶರ್, ಅಂದರೆ ಗುದದ ಅಂಚಿನ ಸೀಳು. ಮಲ ಹೋಗುವಾಗ ಗಾಜು ಕೊಯ್ದಂಥ ನೋವು, ಆಮೇಲೆ ಗಂಟೆಗಟ್ಟಲೆ ಉರಿ ಇದ್ದರೆ ಅದೇ ಇರಬಹುದು. ಅದಕ್ಕೂ ಟಬ್ ಒಳ್ಳೆಯದೇ, ಸ್ನಾಯುವಿನ ಬಿಗಿತ ಅಲ್ಲೂ ಇದೆ. ಆದರೆ ಮುಲಾಮು ಬೇರೆ. ಹಾಗಾಗಿ ಒಂದು ಸಲವಾದರೂ ಡಾಕ್ಟರ್ ಕಣ್ಣಲ್ಲಿ ನೋಡಿ ಹೇಳಬೇಕು. ನಾಚಿಕೆಯಿಂದ ಬಾಯಲ್ಲೇ ಹೇಳಿ ಮಾತ್ರೆ ಬರೆಸಿಕೊಂಡು ಹೋಗುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಪರೀಕ್ಷಿಸದೆ ಬರೆದುಕೊಡುವವರ ಮೇಲೆ ಇನ್ನೂ ಜಾಸ್ತಿ.

ಜ್ವರ, ಚಳಿ, ದಿನೇ ದಿನೇ ಹೆಚ್ಚುವ ಕುಟ್ಟಿದಂಥ ನೋವು, ಕೀವು, ಮೂತ್ರ ಕಟ್ಟುವುದು, ಹೊರಬಂದ ಗಂಟು ಒಳಗೆ ಹೋಗದೆ ಕಪ್ಪಾಗುವುದು, ಇವುಗಳಲ್ಲಿ ಒಂದು ಇದ್ದರೂ ಟಬ್ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಕೀವುಗಡ್ಡೆಯನ್ನು ಪೈಲ್ಸ್ ಅಂದುಕೊಂಡು ದಿನಗಟ್ಟಲೆ ನೀರಿನಲ್ಲಿ ಕೂತವರಿದ್ದಾರೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ಜೀವಕ್ಕೇ ಬರುತ್ತದೆ.

ಪ್ರಶ್ನೆ: ನೀರಿಗೆ ಡೆಟಾಲ್, ಉಪ್ಪು, ಪೊಟ್ಯಾಷಿಯಂ ಪರ್ಮಾಂಗನೇಟ್, ಇವುಗಳಲ್ಲಿ ಯಾವುದು ಹಾಕೋದು ಒಳ್ಳೇದು?

ಯಾವುದೂ ಬೇಡ. ಉಪ್ಪಿನಿಂದ ಹೆಚ್ಚಿನ ಲಾಭವಿಲ್ಲ, ಡೆಟಾಲ್ ಚರ್ಮ ಉರಿಸುತ್ತದೆ, ಪರ್ಮಾಂಗನೇಟ್ ಹರಳು ಕರಗದೆ ಉಳಿದರೆ ತಗುಲಿದಲ್ಲೇ ಸುಡುತ್ತದೆ.

ಪ್ರಶ್ನೆ: ಅಪ್ಪನಿಗೆ 68 ವರ್ಷ, ಶುಗರ್, ಬಿಪಿ ಎರಡೂ ಇದೆ. ಅವರು ಕೂರಬಹುದಾ?

ಕೂರಬಹುದು, ಆದರೆ ಒಬ್ಬರೇ ಬೇಡ. ವರ್ಷಗಟ್ಟಲೆ ಶುಗರ್ ಇದ್ದವರಿಗೆ ಬಿಸಿ ಗೊತ್ತಾಗುವ ಶಕ್ತಿ ಕಡಿಮೆಯಾಗಿರಬಹುದು, ಅವರು "ಸಾಕಷ್ಟು ಬಿಸಿ ಇಲ್ಲ" ಅಂದರೆ ನಂಬಬೇಡಿ, ನೀವೇ ಮೊಣಕೈ ಅದ್ದಿ ನೋಡಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಬೆಚ್ಚಗಿನ ನೀರಿನಿಂದ ಎದ್ದ ಕೂಡಲೇ ತಲೆ ಸುತ್ತಬಹುದು. ಬಚ್ಚಲಿನ ಚಿಲಕ ಹಾಕಬಾರದು, ಏಳುವಾಗ ಕೈ ಹಿಡಿಯಲು ಯಾರಾದರೂ ಇರಬೇಕು. ನೆಲದ ಮೇಲಿನ ಟಬ್ ಬೇಡ, ಕಮೋಡಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಟಬ್ ತನ್ನಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ.

ಪ್ರಶ್ನೆ: ಹೆರಿಗೆ ಆಗಿ ಎಂಟು ದಿನ. ಪೈಲ್ಸ್ ಊದಿದೆ. ಬಾಣಂತಿ ಸ್ನಾನದ ಬಿಸಿನೀರನ್ನೇ ಅಲ್ಲಿಗೂ ಎರಚಿದರೆ ಸಾಕು ಅಂತಾರೆ ಅತ್ತೆ.

ಸಾಕಾಗುವುದಿಲ್ಲಮ್ಮ. ಹಂಡೆಯ ಸುಡುನೀರನ್ನು ಹೊಲಿಗೆ ಇರುವ ಜಾಗಕ್ಕೆ ಎರಚಲೇಬಾರದು. ಅತ್ತೆಯವರಿಗೆ ಈ ಪುಟ ತೋರಿಸಿ, ನಿಮ್ಮ ಹೆರಿಗೆ ಡಾಕ್ಟರನ್ನು ಒಂದು ಮಾತು ಕೇಳಿ, ಮೇಲೆ ಹೇಳಿದ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೂರಿ.

ಪ್ರಶ್ನೆ: ನೋವಿಲ್ಲ, ರಕ್ತ ಮಾತ್ರ ಹೋಗುತ್ತೆ. ಟಬ್‌ನಲ್ಲಿ ಕೂತರೆ ನಿಲ್ಲುತ್ತಾ?

ಇಲ್ಲ, ಟಬ್ ನೋವಿಗೆ. ರಕ್ತ ಎಲ್ಲಿಂದ ಬರುತ್ತಿದೆ ಅಂತ ಪರೀಕ್ಷೆ ಮಾಡಿಸಿ, ವಯಸ್ಸು 40 ದಾಟಿದ್ದರೆ ಪೈಲ್ಸ್ ಇರಬೇಕು ಅಂತ ಸುಮ್ನೆ ಕೂರಬೇಡಿ, ಕರುಳಿನ ಕ್ಯಾನ್ಸರ್ ಕೂಡ ಹೀಗೇ ಶುರುವಾಗಬಹುದು.

ಪ್ರಶ್ನೆ: ಬಸ್ ಸ್ಟ್ಯಾಂಡ್ ಹತ್ತಿರ "ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್, ಗ್ಯಾರಂಟಿ" ಅಂತ ಬೋರ್ಡ್ ಇದೆ. ಒಂದ್ಸಲ ನೋಡಲಾ?

ನೋಡಬೇಡಿ. ಪೈಲ್ಸ್‌ಗೆ ಇಂಜೆಕ್ಷನ್ ಚಿಕಿತ್ಸೆ ನಿಜವಾಗಿಯೂ ಇದೆ, ಆದರೆ ಅದು ಒಳಗಿನ ಪೈಲ್ಸ್‌ಗೆ, ಕಲಿತ ಸರ್ಜನ್ ಕೈಯಲ್ಲಿ. ಬೋರ್ಡಿನವರು ಏನು ಚುಚ್ಚುತ್ತಾರೆ ಅಂತ ಚೀಟಿಯಲ್ಲಿ ಬರೆದುಕೊಡುವುದೇ ಇಲ್ಲ. ಕ್ಷಾರದ ಔಷಧಿ ಹಾಕಿ ಮಾಂಸ ಸುಟ್ಟು, ಆ ಗಾಯ ಮಾಯುವಾಗ ಗುದದ್ವಾರವೇ ಕಿರಿದಾಗಿ, ಮಲ ಪೆನ್ಸಿಲ್‌ನಷ್ಟು ಸಣ್ಣಗೆ ಬರುವ ಸ್ಥಿತಿಯಲ್ಲಿ ನಮ್ಮ ಹತ್ತಿರ ಬರುತ್ತಾರೆ. ಅದನ್ನು ಸರಿ ಮಾಡುವುದು ಪೈಲ್ಸ್ ಆಪರೇಷನ್‌ಗಿಂತ ಎಷ್ಟೋ ಕಷ್ಟ. ಆಗಲೇ ಅಲ್ಲಿ ಚುಚ್ಚಿಸಿಕೊಂಡಿದ್ದರೆ ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ಯಾವಾಗ, ಎಷ್ಟು ಸಲ ಅಂತ ನಿಮ್ಮ ಸರ್ಜನ್‌ಗೆ ಹೇಳಿ.